ಅಂಗಾಲಿನ ಮಚ್ಚೆ ಬೆಳೆಯುತ್ತಿದೆಯೇ?

ಬೋರನಕಣಿವೆ ಹತ್ತಿರದ ಹಳ್ಳಿಯೊಂದರಿಂದ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ:

“ನಮ್ಮ ಅತ್ತೆಯವರಿಗೆ 58 ವರ್ಷ. ಬಲಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಮೂರು ವರ್ಷದಿಂದ ಒಂದು ಕಪ್ಪು ಮಚ್ಚೆ ಇದೆ. ಹೋದ ದೀಪಾವಳಿಯಲ್ಲಿ ಎಣ್ಣೆ ಹಚ್ಚುವಾಗ ತೊಗರಿಕಾಳಿನಷ್ಟಿತ್ತು. ಈಗ ಅಡಕೆ ಹೋಳಿನಷ್ಟಾಗಿದೆ. ಒಂದು ಕಡೆ ಕಂದು, ಒಂದು ಕಡೆ ಇದ್ದಿಲಿನ ಕಪ್ಪು. ಕೇಳಿದರೆ, ‘ಕಾಯಿ ಸುಲಿದೂ ಸುಲಿದೂ ಮಟ್ಟೆ ಕರೆ ಹತ್ತೈತೆ ಬಿಡಮ್ಮ, ನೋವಿಲ್ಲ, ನವೆ ಇಲ್ಲ’ ಅಂತಾರೆ. ನೆರೆಮನೆಯವರು ಆಣಿ ಇರಬೇಕು, ಸುಣ್ಣ ಸೋಡ ಇಟ್ಟು ಸುಟ್ಟರೆ ಹೋಗುತ್ತೆ ಅಂದಿದ್ದಾರೆ. ಸುಡಿಸಬಹುದೇ?”

ಬೇಡಿ, ಖಂಡಿತ ಸುಡಿಸಬೇಡಿ. ಈ ವಾರವೇ ಅತ್ತೆಯವರನ್ನು ಚರ್ಮರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಯಾಕೆ ಎಂಬುದನ್ನು ಎಲ್ಲ ಸೋದರಿಯರಿಗೂ ಉಪಯೋಗವಾಗುವ ಹಾಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಮಚ್ಚೆ ಇಲ್ಲದ ಮೈಯೇ ಇಲ್ಲವೆನ್ನಬಹುದು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಚ್ಚೆಗಳು ಸಾಯುವವರೆಗೂ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಎಂದೋ ಒಮ್ಮೆ ಈ ಕೋಶಗಳು ಹದ್ದು ಮೀರಿ ಬೆಳೆಯತೊಡಗುತ್ತವೆ. ಈ ಬಗೆಯ ಚರ್ಮದ ಕ್ಯಾನ್ಸರಿಗೆ ಮೆಲನೋಮ ಎಂದು ಹೆಸರು. ನಮ್ಮ ದೇಶದಲ್ಲಿ ಇದು ಅಪರೂಪ. ಆದರೆ ಬಿಳಿಯ ಜನರಲ್ಲಿ ಬಿಸಿಲು ಬೀಳುವ ಬೆನ್ನು, ಕಾಲುಗಳ ಮೇಲೆ ಹೆಚ್ಚಾಗಿ ಬರುವ ಈ ರೋಗ, ನಮ್ಮಂಥ ಕಂದು ಮೈಬಣ್ಣದವರಲ್ಲಿ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಬರುತ್ತದೆ. ಅಂದರೆ ನಾವು ಯಾರೂ ನೋಡಿಕೊಳ್ಳದ ಜಾಗದಲ್ಲಿ! ಮುಖದ ಮೇಲೊಂದು ಚುಕ್ಕೆ ಎದ್ದರೆ ಕನ್ನಡಿ ಬಿಡದ ನಾವು, ಅಂಗಾಲನ್ನು ತಿರುಗಿಸಿ ನೋಡಿ ಎಷ್ಟು ದಿನವಾಯಿತು ಹೇಳಿ?

<b>ಕರೆಯೋ, ಆಣಿಯೋ, ಮಚ್ಚೆಯೋ?</b>

ತೆಂಗಿನ ಸೀಮೆಯಲ್ಲಿ ಈ ಗೊಂದಲ ಸಹಜವೇ. ಹಸಿ ಮಟ್ಟೆಯ ಕರೆ ಕೈಕಾಲನ್ನು ಕಪ್ಪಾಗಿಸುತ್ತದೆ. ಆದರೆ ಕರೆ ಚರ್ಮದ ಮೇಲ್ಪದರದಲ್ಲಿರುತ್ತದೆ. ಕಾಯಿ ಸುಲಿಯುವುದನ್ನು ಕೆಲವು ವಾರ ಬಿಟ್ಟರೆ, ದಿನಾ ನೀರಿನಲ್ಲಿ ನೆನೆಸಿ ತಿಕ್ಕಿದರೆ ತಿಳಿಯಾಗುತ್ತ ಹೋಗುತ್ತದೆ. ಕರೆ ಬೆಳೆಯುವುದಿಲ್ಲ. ಆಣಿ ಗಟ್ಟಿಯಾಗಿ, ಒತ್ತಿದರೆ ನೋಯುತ್ತದೆ. ಅದರ ಬಣ್ಣ ಹಳದಿಯೋ ಬೂದಿಯೋ ಇರುತ್ತದೆಯೇ ಹೊರತು ಇದ್ದಿಲಿನ ಹಾಗಿರುವುದಿಲ್ಲ. ಕಲ್ಲು ಒತ್ತಿ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದೂ ಕೆಲವು ವಾರಗಳಲ್ಲಿ ಚರ್ಮದೊಡನೆ ಉದುರಿಹೋಗುತ್ತದೆ. ಅತ್ತೆಯವರದು ಮೂರು ವರ್ಷದಿಂದ ಇದೆ, ಅಳಿಸಿಲ್ಲ, ಬದಲಿಗೆ ಹಿಗ್ಗಿದೆ. ಆದ್ದರಿಂದ ಇದು ಕರೆ ಎಂದು ಸುಮ್ಮನಿರುವ ಹಾಗಿಲ್ಲ.

ನೋವಿಲ್ಲ ಎಂಬುದೂ ಸಮಾಧಾನದ ಮಾತಲ್ಲ. ಮೆಲನೋಮ ಮೊದಮೊದಲು ನೋಯುವುದೇ ಇಲ್ಲ. ನೋವು, ಕೀವು, ರಕ್ತ ಕಾಣಿಸುವ ಹೊತ್ತಿಗೆ ರೋಗ ಆಳಕ್ಕೆ ಇಳಿದಿರಬಹುದು.

<b>ಏನನ್ನು ನೋಡಬೇಕು?</b>

ಒಳ್ಳೆಯ ಮಚ್ಚೆ ರೊಟ್ಟಿ ತಟ್ಟಿದ ಹಾಗೆ ದುಂಡಗಿರುತ್ತದೆ. ನಡುವೆ ಗೆರೆ ಎಳೆದರೆ ಎರಡು ಪಾಲೂ ಒಂದೇ ಥರ. ಅಂಚು ನುಣುಪು, ಬಣ್ಣ ಒಂದೇ. ಕೆಟ್ಟ ಮಚ್ಚೆಯಲ್ಲಿ ಒಂದು ಪಾಲು ಇನ್ನೊಂದನ್ನು ಹೋಲುವುದಿಲ್ಲ. ಅಂಚು ಒದ್ದೆ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ ಅಂಕುಡೊಂಕಾಗಿ ಹರಡಿಕೊಂಡಿರುತ್ತದೆ, ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಒಂದೇ ಮಚ್ಚೆಯಲ್ಲಿ ಕಂದು, ಕಪ್ಪು, ನೀಲಿ ಮಿಶ್ರಿತ ಬೂದಿ, ಕೆಲವೊಮ್ಮೆ ಕೆಂಪು, ಬಿಳುಪು ಕೂಡ ಕಾಣುತ್ತವೆ. ಅಗಲ 6 ಮಿಲಿಮೀಟರ್, ಅಂದರೆ ಮಕ್ಕಳ ಪೆನ್ಸಿಲಿನ ಹಿಂಭಾಗದಷ್ಟು, ಮೀರಿದ್ದರೆ ಅನುಮಾನ ಇನ್ನೂ ಹೆಚ್ಚು.

ಈ ನಾಲ್ಕು ಗುರುತುಗಳನ್ನು ಅಮೆರಿಕದ ವೈದ್ಯರು 1985ರಲ್ಲಿ ಒಟ್ಟುಗೂಡಿಸಿ ಹೇಳಿದರು. 2004ರಲ್ಲಿ ಐದನೆಯದೊಂದನ್ನು ಸೇರಿಸಲಾಯಿತು: ಬದಲಾವಣೆ. ನನ್ನನ್ನು ಕೇಳಿದರೆ, ನಮ್ಮ ಓದುಗರು ಐದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ. ಹುಟ್ಟಿನಿಂದ ಹಾಗೇ ಇರುವ ದೊಡ್ಡ ಮಚ್ಚೆಗಿಂತ, ಆರು ತಿಂಗಳಲ್ಲಿ ಹಿಗ್ಗಿದ ಚಿಕ್ಕ ಮಚ್ಚೆಗೆ ಹೆಚ್ಚು ಹೆದರಬೇಕು. ಅತ್ತೆಯವರ ಮಚ್ಚೆ ಒಂದು ದೀಪಾವಳಿಯಿಂದ ಈಚೆಗೆ ತೊಗರಿಕಾಳಿನಿಂದ ಅಡಕೆ ಹೋಳಿಗೆ ಬಂದಿದೆ, ಎರಡು ಬಣ್ಣವಾಗಿದೆ. ತಜ್ಞರಿಗೆ ತೋರಿಸಲು ಇಷ್ಟೇ ಸಾಕು.

ಉಗುರಿನ ವಿಚಾರ ಸ್ವಲ್ಪ ಬೇರೆ. ನಮ್ಮಲ್ಲಿ ಹಲವರಿಗೆ ನಾಲ್ಕಾರು ಉಗುರುಗಳಲ್ಲಿ ತೆಳು ಕಂದು ಗೆರೆಗಳಿರುತ್ತವೆ, ಅದು ಮೈಬಣ್ಣದ ಗುಣ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಕಪ್ಪು ಪಟ್ಟೆ ಮೂಡಿ ಅಗಲವಾಗುತ್ತಿದ್ದರೆ, ಕಪ್ಪು ಉಗುರನ್ನು ದಾಟಿ ಪಕ್ಕದ ಚರ್ಮಕ್ಕೂ ಹರಡಿದರೆ ತಡಮಾಡಬಾರದು. ಪೆಟ್ಟು ಬಿದ್ದು ಕಪ್ಪಾದ ಉಗುರಾದರೆ ಆ ಕಪ್ಪು ಉಗುರಿನೊಡನೆ ತುದಿಯತ್ತ ಸರಿಯುತ್ತದೆ, ಬುಡದಲ್ಲಿ ಹೊಸ ಉಗುರು ತಿಳಿಯಾಗಿ ಬರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಬುಡದ ಹತ್ತಿರ ಬ್ಲೇಡಿನ ಮೊನೆಯಿಂದಲ್ಲ, ಪೆನ್ನಿನಿಂದ ಗುರುತು ಹಾಕಿ ಅಳೆದಿಟ್ಟುಕೊಂಡರೆ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಕಪ್ಪು ಸರಿಯದೆ ಅಲ್ಲೇ ನಿಂತಿದ್ದರೆ ತೋರಿಸಿ.

ಜಮೈಕಾ ದೇಶದ ಹಾಡುಗಾರ ಬಾಬ್ ಮಾರ್ಲಿಯ ಹೆಸರನ್ನು ನಿಮ್ಮ ಮಕ್ಕಳು ಕೇಳಿರುತ್ತಾರೆ. ಆತನ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಬಂದದ್ದು ಇದೇ ರೋಗ. ಕಾಲ್ಚೆಂಡು ಆಟದ ಪೆಟ್ಟು ಎಂದೇ ಮೊದಲು ತಿಳಿದಿದ್ದರು. 1977ರಲ್ಲಿ ರೋಗ ಪತ್ತೆಯಾಯಿತು. ಬೆರಳು ತೆಗೆಸಲು ಆತ ಒಪ್ಪಲಿಲ್ಲ. 1981ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡ.

<b>ತಜ್ಞರು ಏನು ಮಾಡುತ್ತಾರೆ?</b>

“ಡಾಕ್ಟರು ಕಾಲನ್ನೇ ಕತ್ತರಿಸಿಬಿಟ್ಟರೆ?” ಎಂದು ಹೆದರುವವರಿಗಾಗಿ ಇದನ್ನು ಹೇಳುತ್ತೇನೆ. ತಜ್ಞರು ಮೊದಲು ದೀಪವಿರುವ ಚಿಕ್ಕ ಭೂತಗನ್ನಡಿಯಂಥ ಉಪಕರಣದಿಂದ ಮಚ್ಚೆಯನ್ನು ಹತ್ತು ಪಟ್ಟು ದೊಡ್ಡದಾಗಿ ನೋಡುತ್ತಾರೆ. ಹೆಬ್ಬೆಟ್ಟಿನ ಗುರುತಿನಲ್ಲಿ ಕಾಣುವ ಹಾಗೆ ಅಂಗಾಲಿನ ಚರ್ಮದಲ್ಲೂ ಏರು ಮತ್ತು ತಗ್ಗುಗಳ ಸಾಲುಗಳಿರುತ್ತವೆ, ಉತ್ತ ಹೊಲದ ಹಾಗೆ. ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನ ಸಾಲುಗಳಲ್ಲಿರುತ್ತದೆ. ಮೆಲನೋಮದ ಬಣ್ಣ ಏರಿನ ಮೇಲೆ ಕುಳಿತಿರುತ್ತದೆ. ಇದು ಬರಿಗಣ್ಣಿಗೆ ಕಾಣುವುದಿಲ್ಲ, ಅದಕ್ಕೇ ತಜ್ಞರು ಬೇಕು. ಜೊತೆಗೆ ತೊಡೆಸಂದಿನಲ್ಲಿ ಗಂಟುಗಳೇನಾದರೂ ಇವೆಯೇ ಎಂದು ಮುಟ್ಟಿ ನೋಡುತ್ತಾರೆ.

ಅನುಮಾನ ಬಂದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಮಚ್ಚೆ ಚಿಕ್ಕದಿದ್ದರೆ ಸುತ್ತ ಸುಮಾರು 2 ಮಿಲಿಮೀಟರ್ ಒಳ್ಳೆಯ ಚರ್ಮದೊಡನೆ ಪೂರ್ತಿ ತೆಗೆಯುತ್ತಾರೆ. ದೊಡ್ಡದಿದ್ದರೆ ಹೆಚ್ಚು ದಪ್ಪಗಿರುವ ಕಡೆಯಿಂದ ಒಂದು ತುಂಡು ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಾರೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಿಜವಲ್ಲ. ತಡ ಮಾಡಿದರೆ ಹರಡುತ್ತದೆ.

ಪ್ರಯೋಗಶಾಲೆಯಲ್ಲಿ ರೋಗ ಇದೆಯೇ ಎಂದು ನೋಡುವುದರ ಜೊತೆಗೆ ಎಷ್ಟು ಆಳ ಇಳಿದಿದೆ ಎಂದೂ ಅಳೆಯುತ್ತಾರೆ. 1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸುತ್ತ ಇನ್ನು ಒಂದು ಸೆಂಟಿಮೀಟರಿನಷ್ಟು ಚರ್ಮ ತೆಗೆದರೆ ಸಾಕಾಗುತ್ತದೆ, ಬಹುಪಾಲು ಜನ ಗುಣವಾಗುತ್ತಾರೆ. ಆಳ ಹೆಚ್ಚಿದಂತೆ ಹೆಚ್ಚು ಚರ್ಮ ತೆಗೆಯಬೇಕು, ಗಂಟುಗಳ ಪರೀಕ್ಷೆ, ಔಷಧಿ ಎಲ್ಲ ಬೇಕಾಗುತ್ತದೆ, ಆಗಲೂ ಗುಣವಾಗುವ ಭರವಸೆ ಕಡಿಮೆಯಾಗುತ್ತ ಹೋಗುತ್ತದೆ. ನೋಡಿ, ಉಳಿಯುವುದೂ ಕಳೆಯುವುದೂ ಇಷ್ಟು ಚಿಕ್ಕ ಅಳತೆಯಲ್ಲಿದೆ.

ಸುಣ್ಣ ಸೋಡ, ಗೇರೆಣ್ಣೆ, ಆಸಿಡ್ ಇಟ್ಟು ಸುಡಿಸಬೇಡಿ ಎಂದಿದ್ದೂ ಇದಕ್ಕೇ. ಸುಟ್ಟರೆ ಮೇಲಿನ ಕಪ್ಪು ಹೋಗುತ್ತದೆ, ಆಳದಲ್ಲಿರುವುದು ಉಳಿಯುತ್ತದೆ. ಅಳೆಯಲು ತುಂಡೂ ಇರುವುದಿಲ್ಲ. ಗಾಯ ಮಾಯ್ದಿತೆಂದು ಸಮಾಧಾನವಾಗಿರುವಾಗ ರೋಗ ಒಳಗೊಳಗೇ ಬೆಳೆಯುತ್ತದೆ. ಯಾವ ಡಾಕ್ಟರೇ ಆಗಲಿ ಮಚ್ಚೆ ತೆಗೆದರೆ, “ತುಂಡನ್ನು ಪರೀಕ್ಷೆಗೆ ಕಳಿಸ್ತೀರಾ?” ಎಂದು ಸಂಕೋಚವಿಲ್ಲದೆ ಕೇಳಿ, ವರದಿಯನ್ನು ಜೋಪಾನವಾಗಿಡಿ.

<b>ಯಾವಾಗ ಹೋಗಬೇಕು?</b>

ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮಚ್ಚೆ ಹಿಗ್ಗಿದರೆ, ಬಣ್ಣ ಅಥವಾ ಅಂಚು ಬದಲಾದರೆ, ಉಬ್ಬಿದರೆ, ತಾನಾಗಿ ರಕ್ತ ಒಸರಿದರೆ, ನಲವತ್ತು ದಾಟಿದ ಮೇಲೆ ಅಂಗಾಲಿನಲ್ಲಿ ಹೊಸ ಮಚ್ಚೆ ಮೂಡಿದರೆ ಒಂದೆರಡು ವಾರದೊಳಗೆ ತೋರಿಸಿ. ಇನ್ನೊಂದು ಮಾತು: ಅಪರೂಪಕ್ಕೆ ಈ ರೋಗ ಕಪ್ಪಾಗಿರದೆ, ಕೆಂಪಗಿನ ಹುಣ್ಣಿನ ಹಾಗೂ ಇರುತ್ತದೆ. ಅಂಗಾಲಿನ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ, “ಸಕ್ಕರೆ ಕಾಯಿಲೆ ಇದೆ, ಅದಕ್ಕೇ” ಎಂದು ಬಿಟ್ಟುಬಿಡಬೇಡಿ. ಬಸುರಿಯರಲ್ಲಿ ಮಚ್ಚೆಗಳು ಒಂದಿಷ್ಟು ಕಪ್ಪಾಗುವುದುಂಟು. ಆದರೆ ಒಂದೇ ಒಂದು ಮಚ್ಚೆ ಬೇರೆಯವುಗಳಿಗಿಂತ ಭಿನ್ನವಾಗಿ ಬದಲಾದರೆ ಹೆರಿಗೆಯವರೆಗೆ ಕಾಯಬಾರದು.

ಹೋಗುವ ಮುನ್ನ ಮಚ್ಚೆಯ ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು, ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಯಾವಾಗ ಕಂಡಿತು, ಆಗೆಷ್ಟಿತ್ತು, ಈಗೆಷ್ಟಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕಾಲಿಗೆ ಅರಿಶಿನ, ಮೆಹೆಂದಿ, ಉಗುರುಬಣ್ಣ ಹಚ್ಚದೆ ಹೋಗಿ. ಊರಿನ ಹತ್ತಿರ ಚರ್ಮರೋಗ ತಜ್ಞರಿಲ್ಲದಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಪರೀಕ್ಷೆಯಲ್ಲಿ ರೋಗವೆಂದು ಖಚಿತವಾದರೆ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ.

ಉಳಿದವರು ತಿಂಗಳಿಗೊಮ್ಮೆ, ನೆನಪಿಗೆ ಅಮಾವಾಸ್ಯೆಯ ದಿನವೆಂದೇ ಇಟ್ಟುಕೊಳ್ಳಿ, ಎಣ್ಣೆನೀರು ಮಾಡಿಕೊಂಡ ಮೇಲೆ ಅಂಗಾಲು, ಬೆರಳ ಸಂದಿ, ಉಗುರುಗಳನ್ನು ನೋಡಿಕೊಳ್ಳಿ. ಬಗ್ಗಲಾರದ ಹಿರಿಯರ ಕಾಲನ್ನು ಮನೆಯವರೇ ನೋಡಬೇಕು. ಕಾಲಿಗೆ ಎಣ್ಣೆ ತಿಕ್ಕುವ ನೆಪದಲ್ಲಿ ನೋಡಿದರೆ ಅವರೂ ಬೇಡವೆನ್ನುವುದಿಲ್ಲ.