ತಪ್ಪು ಬೀಜ ಹೋದಾಗ ಬರೆಯುವ ಪತ್ರ
ನಿಪ್ಪಾಣಿ ತಾಲ್ಲೂಕಿನ ಭೋಜದಂಥ ಊರಲ್ಲಿ ಜೂನ್ ತಿಂಗಳು ಸೋಯಾಬೀನ್ ಬಿತ್ತನೆಯ ಕಾಲ. ಆಗ ಬೀಜದ ಅಂಗಡಿಯವರು ತಪ್ಪು ಮಾಲು ಕಳಿಸಿದರೆ ಕ್ಷಮೆಯ ಪತ್ರಕ್ಕೆ ಮಳೆಯ ಲೆಕ್ಕವೂ ಗೊತ್ತಿರಬೇಕು. ಸಹಕಾರಿ ಸಂಘವೊಂದು ಡಿಎಸ್‌ಬಿ 21 ತಳಿಯ 40 ಚೀಲ ಕೇಳಿತ್ತು, ಹೋದದ್ದು ಜೆಎಸ್ 335 ಎನ್ನೋಣ. ಕಾಳು ನೋಡಿ ತಳಿ ಹೇಳುವುದು ಕಷ್ಟ. ಚೀಲಕ್ಕೆ ಹೊಲಿದ ನೀಲಿ ಪ್ರಮಾಣಪತ್ರದ ಚೀಟಿಯಲ್ಲಿರುವ ತಳಿಯ ಹೆಸರು, ಲಾಟ್ ಸಂಖ್ಯೆಗಳೇ ಸಾಕ್ಷಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ತುಕ್ಕುರೋಗ ತಡೆಯುತ್ತದೆ, ಜೆಎಸ್ 335 ತಡೆಯುವುದಿಲ್ಲ. ಹಾಗಾಗಿ ಪತ್ರದಲ್ಲಿ ‘ಸಣ್ಣ ಅದಲುಬದಲು’ ಎಂದು ಬರೆಯುವುದು ರೈತರಿಗೆ ಮಾಡುವ ಅನ್ಯಾಯ. ಮೊದಲ ಸಾಲಿನಲ್ಲೇ ತಪ್ಪು ನಮ್ಮದೆಂದು ಹೇಳಿ, ಬಿಲ್ ಸಂಖ್ಯೆ, ಹೋದ ಲಾಟ್, ಹೋಗಬೇಕಿದ್ದ ಲಾಟ್ ಕೊಡಬೇಕು. ಮರುಸಾಲಿನಲ್ಲೇ ‘ಚೀಲ ಹಂಚಬೇಡಿ, ಬಿಚ್ಚಬೇಡಿ’ ಎಂಬ ವಿನಂತಿ ಬರಲಿ. ಬಿತ್ತಿದ ಬೀಜವನ್ನು ಯಾರೂ ವಾಪಸು ತರಲಾರರು. ಪತ್ರ ತಲುಪುವ ಮೊದಲೇ ಫೋನ್ ಮಾಡಿ ಈ ವಿನಂತಿಯನ್ನು ಹೇಳಿರಬೇಕು. ‘ಆದಷ್ಟು ಬೇಗ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು. ‘ಸರಿಯಾದ 40 ಚೀಲ ನಾಳೆ ಸಂಜೆ ಗಾಡಿಗೆ ಏರುತ್ತವೆ, ನಾಡಿದ್ದು ಬೆಳಿಗ್ಗೆ ನಿಮ್ಮ ಗೋದಾಮಿಗೆ ಇಳಿಯುತ್ತವೆ, ಅದೇ ಗಾಡಿಯಲ್ಲಿ ಹಳೇ ಚೀಲ ನಮ್ಮ ಖರ್ಚಿನಲ್ಲಿ ವಾಪಸು ಬರುತ್ತವೆ’ ಎಂದು ಬರೆಯಲಿ. ದಾಸ್ತಾನು ಕಣ್ಣಾರೆ ಎಣಿಸದೆ ಆ ದಿನಾಂಕ ಹಾಕಬಾರದು. ಮಾಲಿಲ್ಲದಿದ್ದರೆ ಅಂದೇ ಹಣ ಮರಳಿಸಿದರೆ ಸಂಘ ಬೇರೆಡೆಯಾದರೂ ಕೊಂಡೀತು. ಎರಡು ತಳಿಯ ಚೀಲಗಳನ್ನು ಒಂದೇ ಅಟ್ಟಿಯಲ್ಲಿ ಪೇರಿಸಿದ್ದೇ ಕಾರಣವಾದರೆ ಅದನ್ನೇ ಹೇಳಿ, ಇನ್ನು ಅಟ್ಟಿ ಬೇರೆ, ಗಾಡಿಗೆ ಏರಿಸುವಾಗ ಪ್ರತಿ ಚೀಲದ ಚೀಟಿಯನ್ನು ಬಿಲ್ಲಿಗೆ ತಾಳೆ ನೋಡುತ್ತೇವೆ ಎಂದು ಬರೆದು ಮಾಲೀಕರೇ ಸಹಿ ಹಾಕಬೇಕು.