ಮಸುಕು ಫೋಟೊ ‘ಕ್ಲಿಯರ್’ ಆದಾಗ ಕಾಣೋ ಮುಖ ಯಾರದ್ದು?

2025ರ ಸೆಪ್ಟೆಂಬರ್ 10ರಂದು ಅಮೆರಿಕದ ಯೂಟಾದಲ್ಲಿ ಬಲಪಂಥೀಯ ಪ್ರಚಾರಕ ಚಾರ್ಲಿ ಕರ್ಕ್ ಹತ್ಯೆಯಾಯಿತು. ಮರುದಿನ ಎಫ್‌ಬಿಐ ಒಬ್ಬ ಯುವಕನ ಮಸುಕು ಫೋಟೊಗಳನ್ನು ಹೊರಬಿಟ್ಟು, ಗುರುತು ಸಿಕ್ಕರೆ ತಿಳಿಸಿ ಎಂದು ಕೇಳಿತು. ಸ್ವಲ್ಪ ಹೊತ್ತಿಗೇ ಎಕ್ಸ್‌ನಲ್ಲಿ ಅದೇ ಫೋಟೊದ ‘ಎಐ ಕ್ಲಿಯರ್ ಮಾಡಿದ’ ಆವೃತ್ತಿಗಳು ಹರಿದಾಡತೊಡಗಿದವು. ಫೋಟೊ ಒಂದೇ, ಆದರೆ ಹೊರಬಂದ ಮುಖಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಾದರೆ ಈ ಟೂಲ್‌ಗಳು ಮುಖವನ್ನು ಹುಡುಕಿ ತೆಗೆಯುತ್ತವೋ, ಹೊಸದಾಗಿ ಬರೆಯುತ್ತವೋ?

ನಾನು ಎಂಜಿನಿಯರಿಂಗ್ ಓದಿದವನು. ಇದಕ್ಕೆ ಉತ್ತರ ಸಣ್ಣದೊಂದು ಲೆಕ್ಕದಲ್ಲೇ ಇದೆ ಅನ್ನೋದು ನನ್ನ ಅನಿಸಿಕೆ. ಫೋಟೊದ ಒಂದು ಸಾಲಿನ ಐದು ಪಿಕ್ಸೆಲ್‌ಗಳ ಬೆಳಕು 100, 100, 20, 100, 100 ಎಂದುಕೊಳ್ಳಿ. ನಡುವಿನ 20 ಹುಬ್ಬಿನ ಕಪ್ಪು ಗೆರೆ. ಕೈ ಸ್ವಲ್ಪ ಅಲುಗಿ, ಪಕ್ಕಪಕ್ಕದ ಎರಡೆರಡು ಪಿಕ್ಸೆಲ್‌ ಬೆರೆತವು. ಆಗ ಕ್ಯಾಮೆರಾಗೆ ಸಿಗೋದು ಅವುಗಳ ಸರಾಸರಿ: 100, 60, 60, 100. ಗೆರೆ ಮಸುಕಾಯಿತು, ಆದರೆ ಕಳೆದುಹೋಗಲಿಲ್ಲ. ಮೊದಲ ಪಿಕ್ಸೆಲ್ 100 ಎಂದು ಗೊತ್ತಿದ್ದರೆ, ಪ್ರತಿ ಸರಾಸರಿಯನ್ನು ಎರಡರಿಂದ ಗುಣಿಸಿ ಹಿಂದಿನ ಪಿಕ್ಸೆಲ್ ಕಳೆಯುತ್ತಾ ಹೋದರಾಯಿತು. 100, 20, 100, 100 ಹಾಗೇ ವಾಪಸ್ ಬರುತ್ತವೆ. ಮಸುಕು ಕಮ್ಮಿ ಇದ್ದಾಗ, ಅದು ಹೇಗಾಯಿತು ಎಂದು ಗೊತ್ತಿದ್ದಾಗ, ಶಾರ್ಪ್ ಮಾಡೋದು ಮೋಸವಲ್ಲ, ಗಣಿತ.

ಈಗ ಮಂದ ಬೆಳಕಿನಲ್ಲಿ ಕ್ಯಾಮೆರಾ ಮೊದಲ ಸರಾಸರಿಯನ್ನು 100ರ ಬದಲು 103 ಎಂದು ದಾಖಲಿಸಿತು ಅಂತಿಟ್ಟುಕೊಳ್ಳಿ. ಅದೇ ಲೆಕ್ಕ ಮಾಡಿದರೆ ಬರೋದು 106, 14, 106, 94. ಬರೀ 3ರ ತಪ್ಪು ಎರಡುಪಟ್ಟಾಗಿ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಾ ಸಾಲಿನ ಕೊನೆವರೆಗೂ ಓಡುತ್ತದೆ. ನಿಜವಾದ ಫೋಟೊದಲ್ಲಿ ಪ್ರತಿ ಪಿಕ್ಸೆಲ್‌ಗೂ ಇಂಥ ತಪ್ಪು ಇರುತ್ತೆ. ವಾಟ್ಸಾಪ್ ಫಾರ್ವರ್ಡ್ ಆದರಂತೂ ಕಂಪ್ರೆಶನ್ ಇನ್ನಷ್ಟು ಸೇರಿಸುತ್ತೆ. ಮಸುಕು ಅಗಲವಾದಷ್ಟೂ ಲೆಕ್ಕ ಕೈಕೊಡುತ್ತದೆ.

ಎಐ ಬರೋದು ಇಲ್ಲಿ. ಅದು ಲೆಕ್ಕ ಬಿಡಿಸುವುದಿಲ್ಲ, ಕಲಿತ ಸಾವಿರಾರು ಮುಖಗಳ ಆಧಾರದ ಮೇಲೆ ಖಾಲಿ ಜಾಗ ತುಂಬುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ‘ಪಲ್ಸ್’ ನೋಡಿ. ಅದು 16x16 ಪಿಕ್ಸೆಲ್‌ನ ಮುಖವನ್ನು 1024x1024 ಮಾಡುತ್ತಿತ್ತು. ಅಂದರೆ ಇದ್ದದ್ದು 256 ಪಿಕ್ಸೆಲ್, ಕೊಟ್ಟದ್ದು ಹತ್ತು ಲಕ್ಷಕ್ಕೂ ಹೆಚ್ಚು. ಬರಾಕ್ ಒಬಾಮ ಅವರ ಮಸುಕು ಫೋಟೊ ಹಾಕಿದರೆ ಅದು ಒಬ್ಬ ಬಿಳಿಯ ಗಂಡಸಿನ ಸ್ಪಷ್ಟ ಮುಖ ಕೊಟ್ಟಿತು! ಆ ಮುಖವನ್ನು ಮತ್ತೆ 16x16ಕ್ಕೆ ಕುಗ್ಗಿಸಿದರೆ ಹೆಚ್ಚುಕಡಿಮೆ ಮೂಲ ಚಿತ್ರವೇ ಬರುತ್ತಿತ್ತು. ಅಂದರೆ ಟೂಲ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಅದೇ ಮಸುಕಿಗೆ ಹೊಂದುವ ಮುಖಗಳು ಹಲವಾರಿದ್ದವು. ತಾನು ಕಲಿತದ್ದಕ್ಕೆ ಹತ್ತಿರವಾದ ಒಂದನ್ನು ಅದು ಆರಿಸಿತು.

ಇದರ ರಾಜಕೀಯ ನಮಗೂ ದೂರದ್ದಲ್ಲ. ಮುಖ ಗುರುತಿಸುವ ತಂತ್ರಜ್ಞಾನದಲ್ಲಿ ಶೇ 80ಕ್ಕಿಂತ ಹೆಚ್ಚು ಹೋಲಿಕೆಯನ್ನು ‘ಪಾಸಿಟಿವ್’ ಎಂದು ಪರಿಗಣಿಸುತ್ತೇವೆ ಎಂದು ದೆಹಲಿ ಪೊಲೀಸರೇ 2022ರಲ್ಲಿ ಆರ್‌ಟಿಐ ಉತ್ತರದಲ್ಲಿ ಹೇಳಿದ್ದಾರೆ. ಇಂಥ ವ್ಯವಸ್ಥೆಗೆ ಎಐ ಬರೆದ ಮುಖ ತಿನ್ನಿಸಿದರೆ ಏನಾಗುತ್ತೆ? ಮಸುಕು ಚಿತ್ರಕ್ಕೆ ಹೊಂದಾಣಿಕೆ ಸಿಗದೇ ಇರಬಹುದಿತ್ತು. ಸ್ಪಷ್ಟ ಮುಖಕ್ಕೆ ಯಾರೋ ಒಬ್ಬರು ಸಿಕ್ಕೇ ಬಿಡಬಹುದು, ಅದೂ ಒಳ್ಳೆಯ ಅಂಕದೊಂದಿಗೆ. ಆ ಅಂಕ ಹೇಳೋದು ಎಐ ಬರೆದ ಮುಖದ ಹೋಲಿಕೆಯನ್ನೇ ಹೊರತು ಬೀದಿಯಲ್ಲಿದ್ದ ಮನುಷ್ಯನದ್ದಲ್ಲ. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ನ್ಯಾಯಾಧೀಶರೊಬ್ಬರು ಕೊಲೆ ಪ್ರಕರಣವೊಂದರಲ್ಲಿ ಎಐ ‘ಸುಧಾರಿಸಿದ’ ಮೊಬೈಲ್ ವಿಡಿಯೊವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಮೂಲಕ್ಕಿಂತ ಸುಮಾರು 16 ಪಟ್ಟು ಪಿಕ್ಸೆಲ್ ಅದರಲ್ಲಿದ್ದವು. ಅದನ್ನು ತಂದದ್ದು ಪ್ರಾಸಿಕ್ಯೂಶನ್ ಅಲ್ಲ, ಆರೋಪಿಯ ಪರ ವಕೀಲರು. ಅಲ್ಲಿಗೆ, ಈ ನಿಯಮ ಎರಡೂ ಕಡೆಗೆ ಅನ್ವಯವಾಗಬೇಕು.

ನಿಮ್ಮ ಗ್ರೂಪಿಗೆ ಇಂಥ ಫೋಟೊ ಬಂದರೆ ಮೂಲ ಫೈಲ್ ಕೇಳಿ. ಸಿಕ್ಕರೆ ಅದನ್ನೇ ಎರಡು-ಮೂರು ಟೂಲ್‌ಗಳಿಗೆ ಹಾಕಿ. ಮೂಗಿನ ಆಕಾರ, ಮಚ್ಚೆ, ಹಲ್ಲು, ಓಲೆ ಒಂದೊಂದರಲ್ಲಿ ಒಂದೊಂದು ಥರ ಬಂದರೆ ಅವೆಲ್ಲವೂ ಫೋಟೊದಿಂದ ಬಂದದ್ದಲ್ಲ. ಎಲ್ಲದರಲ್ಲೂ ಒಂದೇ ಥರ ಬಂದರೂ ಅದು ರುಜುವಾತಲ್ಲ, ಯಾಕಂದರೆ ಹಲವು ಟೂಲ್‌ಗಳು ಕಲಿತದ್ದು ಒಂದೇ ಫೋಟೊಗಳ ರಾಶಿಯಿಂದ ಇರಬಹುದು. ವಿಡಿಯೊ ಇದ್ದರೆ ಅದರ ಬೇರೆ ಬೇರೆ ಫ್ರೇಮ್‌ಗಳನ್ನು ನೋಡಿ. ಅಲ್ಲಿ ಸಿಗುವ ಹೆಚ್ಚಿನ ವಿವರ ಕ್ಯಾಮೆರಾ ಕಂಡದ್ದು, ಊಹಿಸಿದ್ದಲ್ಲ. ಅಜ್ಜಿಯ ಹಳೇ ಫೋಟೊ ಚಂದ ಮಾಡೋಕೆ ಎಐ ಬಳಸಿ, ನನ್ನ ತಕರಾರಿಲ್ಲ. ಆದರೆ ‘ಇವನೇ ಅವನು’ ಎಂದು ಬೆರಳು ತೋರಿಸೋಕೆ ಆ ಚಿತ್ರ ಸಾಲದು.