ವಿಲೀನಾನಂತರದ ವ್ಯಕ್ತಿಪರಿಚಯ

ಸ್ಮರಣಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚಾಗುವ ಲೇಖಕರ ಪರಿಚಯವಾಗಲಿ, ಸಮಾರಂಭದ ವೇದಿಕೆಯಲ್ಲಿ ಓದುವ ಅತಿಥಿಪರಿಚಯವಾಗಲಿ ನಾಲ್ಕೈದು ವಾಕ್ಯಗಳ ಬರಹ. ಅದನ್ನು ಬರೆಯುವ ಹೊಣೆ ಸಾಮಾನ್ಯವಾಗಿ ಕನ್ನಡ ವಿಭಾಗದ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಪರಿಚಯಿಸಬೇಕಾದ ವ್ಯಕ್ತಿ ಕೆಲಸ ಮಾಡಿದ ಸಂಸ್ಥೆಯೇ ಇನ್ನೊಂದು ಸಂಸ್ಥೆಯಲ್ಲಿ ಲೀನವಾಗಿದ್ದರೆ ಈ ಚಿಕ್ಕ ಬರಹ ಕಠಿಣವಾಗುತ್ತದೆ. ಸಾಂಗ್ಲಿ-ಮಿರಜ ಪರಿಸರದಲ್ಲಿ ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 1916ರಲ್ಲಿ ಸ್ಥಾಪನೆಯಾಗಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಮುಖ್ಯವಾಗಿ ಹರಡಿದ್ದ ಸಾಂಗ್ಲಿ ಬ್ಯಾಂಕು 2007ರ ಏಪ್ರಿಲ್ 19ರಂದು ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ದಿನದಿಂದ ಅದರ ಸುಮಾರು 200 ಶಾಖೆಗಳು ಹೊಸ ಬ್ಯಾಂಕಿನ ಶಾಖೆಗಳಾದವು, ಸಿಬ್ಬಂದಿ ಹೊಸ ಬ್ಯಾಂಕಿನ ಸಿಬ್ಬಂದಿಯಾದರು.

ಹೀಗೊಬ್ಬ ಅಧಿಕಾರಿಯನ್ನು ಕಲ್ಪಿಸಿಕೊಳ್ಳಬಹುದು. ವಿಲೀನಕ್ಕೆ ಮೊದಲು ಅವರ ಪರಿಚಯ ಹೀಗಿತ್ತು: "1984ರಲ್ಲಿ ಗುಮಾಸ್ತರಾಗಿ ಸಾಂಗ್ಲಿ ಬ್ಯಾಂಕನ್ನು ಸೇರಿದರು. 2003ರಿಂದ ಮಿರಜ ಶಾಖೆಯ ಶಾಖಾಧಿಕಾರಿಗಳು. ಠೇವಣಿ, ಸಾಲ ಮತ್ತು ಸಿಬ್ಬಂದಿಯ ಆಡಳಿತ ಅವರ ಹೊಣೆ." ವಿಲೀನವಾದ ಮರುವರ್ಷ ಅದನ್ನು ತಿದ್ದಲು ಕುಳಿತವರು ಹಳೆಯ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆದರು: "1984ರಿಂದ ಐಸಿಐಸಿಐ ಬ್ಯಾಂಕಿನಲ್ಲಿ ಸೇವೆ. ಈಗ ಮ್ಯಾನೇಜರ್. ದೇಶವ್ಯಾಪಿ ಬ್ಯಾಂಕಿನ ಹೊಣೆ ಹೊತ್ತಿದ್ದಾರೆ." ಮೂರು ವಾಕ್ಯಗಳಲ್ಲಿ ಮೂರು ತಪ್ಪುಗಳಿವೆ. ಸುಳ್ಳು ಹೇಳುವ ಉದ್ದೇಶ ಯಾವುದರಲ್ಲೂ ಇಲ್ಲ.

ಮೊದಲನೆಯದು ಸಂಸ್ಥೆಯ ಹೆಸರಿನ ತಪ್ಪು. ಐಸಿಐಸಿಐ ಬ್ಯಾಂಕು ಸ್ಥಾಪನೆಯಾದದ್ದೇ 1994ರಲ್ಲಿ. ಹುಟ್ಟದಿದ್ದ ಬ್ಯಾಂಕಿನಲ್ಲಿ ಹತ್ತು ವರ್ಷ ಮೊದಲೇ ಸೇವೆಗೆ ಸೇರುವುದು ಯಾರಿಗೂ ಸಾಧ್ಯವಿಲ್ಲ. ಸೇವಾವಧಿ ಅಖಂಡವಾಗಿ ಮುಂದುವರಿದಿರುವುದರಿಂದ ಈ ತಪ್ಪು ಸಹಜವಾಗಿ ಆಗುತ್ತದೆ. ಆದರೆ ಸೇವೆಯ ಲೆಕ್ಕ ಬೇರೆ, ಘಟನೆಯ ಕಥನ ಬೇರೆ. ಘಟನೆ ನಡೆದ ದಿನ ಸಂಸ್ಥೆಗೆ ಯಾವ ಹೆಸರಿತ್ತೋ ಆ ಹೆಸರೇ ಆ ವಾಕ್ಯದಲ್ಲಿರಬೇಕು. ಪರಿಚಯದಲ್ಲಿರುವ ಪ್ರತಿ ಇಸವಿಯ ಪಕ್ಕದಲ್ಲಿ ಆ ಸಂಸ್ಥೆಯ ಸ್ಥಾಪನೆಯ ಇಸವಿಯನ್ನು ಇಟ್ಟು ನೋಡಿದರೆ ಈ ದೋಷ ಕೂಡಲೇ ಬಯಲಾಗುತ್ತದೆ.

ಇಲ್ಲಿಯೇ ಕ್ರಿಯಾಪದದ ಪ್ರಶ್ನೆಯೂ ಬರುತ್ತದೆ. ತಪ್ಪನ್ನು ತಿದ್ದುವ ಭರದಲ್ಲಿ ಕೆಲವರು "2007ರಲ್ಲಿ ಐಸಿಐಸಿಐ ಬ್ಯಾಂಕನ್ನು ಸೇರಿದರು" ಎಂದು ಬರೆಯುತ್ತಾರೆ. ಆ ವಾಕ್ಯದ ಕರ್ತೃ ಅಧಿಕಾರಿ. ಅವರು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಅರ್ಜಿ ಹಾಕಿ, ಹೊಸ ಕೆಲಸ ಹಿಡಿದರೆಂದು ಓದುಗ ತಿಳಿಯುತ್ತಾನೆ. ವಾಸ್ತವದಲ್ಲಿ ಅವರು ತಮ್ಮ ಮೇಜನ್ನು ಬಿಟ್ಟು ಕದಲಿರಲಿಲ್ಲ, ವಿಲೀನವಾದದ್ದು ಬ್ಯಾಂಕು. ಕರ್ತೃಸ್ಥಾನದಲ್ಲಿ ಬ್ಯಾಂಕನ್ನೇ ನಿಲ್ಲಿಸಿ "ಆ ಬ್ಯಾಂಕು 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಅಲ್ಲಿ ಸೇವೆ ಮುಂದುವರಿಸಿದರು" ಎಂದರೆ ನಡೆದ ಸಂಗತಿಯೂ ವ್ಯಾಕರಣವೂ ಒಂದಾಗುತ್ತವೆ.

ಎರಡನೆಯದು ಹುದ್ದೆಯ ಹೆಸರು. ಗಡಿಭಾಗದ ಬರಹಗಾರರು ಹೆಚ್ಚು ಎಚ್ಚರ ವಹಿಸಬೇಕಾದ ಸ್ಥಳವಿದು. ಮರಾಠಿಯ ಬ್ಯಾಂಕ್ ವ್ಯವಹಾರದಲ್ಲಿ ಶಾಖೆಯ ಮುಖ್ಯಸ್ಥನಿಗೆ 'ಶಾಖಾಧಿಕಾರಿ' ಎನ್ನುತ್ತಾರೆ. ಅದೇ ಪದವನ್ನು ಬೆಂಗಳೂರಿನ ಓದುಗ ಸಚಿವಾಲಯದ ಒಂದು ಶಾಖೆಯ ಅಧಿಕಾರಿ ಎಂದು ಗ್ರಹಿಸುತ್ತಾನೆ. ಪದ ಒಂದೇ ಆದರೂ ಆಡಳಿತ ಬೇರೆ. ನಗರಾಡಳಿತದ ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. 1998ರಲ್ಲಿ ಸಾಂಗ್ಲಿ, ಮಿರಜ ಮತ್ತು ಕುಪವಾಡಗಳು ಸೇರಿ ಒಂದು ಮಹಾನಗರಪಾಲಿಕೆಯಾಯಿತು. ಅದಕ್ಕೆ ಮೊದಲು ಮಿರಜಿನಲ್ಲಿದ್ದದ್ದು ಮರಾಠಿಯ 'ನಗರಪಾಲಿಕಾ'. ಅದನ್ನು ಕನ್ನಡದಲ್ಲಿ 'ನಗರಪಾಲಿಕೆ' ಎಂದೇ ಬರೆದರೆ, ಕರ್ನಾಟಕದ ಓದುಗನಿಗೆ ಅದು ಮಹಾನಗರಪಾಲಿಕೆಯ ಮಟ್ಟದ ಸಂಸ್ಥೆಯಾಗಿ ತೋರಿ, ವಿಲೀನದಿಂದ ಏನು ಬದಲಾಯಿತೆಂಬುದೇ ತಿಳಿಯುವುದಿಲ್ಲ. 'ನಗರಸಭೆ' ಎಂದರೆ ಅರ್ಥ ನೇರವಾಗುತ್ತದೆ.

'ಮ್ಯಾನೇಜರ್' ಎಂಬ ಪದದ ತೊಡಕು ಇನ್ನೂ ಸೂಕ್ಷ್ಮವಾದದ್ದು. ಹಳೆಯ ಬ್ಯಾಂಕಿನ ಗ್ರಾಹಕರಿಗೆ ಮ್ಯಾನೇಜರ್ ಎಂದರೆ ಶಾಖೆಗೊಬ್ಬರೇ ಇರುವ ಯಜಮಾನ. ಹೊಸ ತಲೆಮಾರಿನ ಖಾಸಗಿ ಬ್ಯಾಂಕುಗಳಲ್ಲಿ ಅದು ಒಂದು ಶ್ರೇಣಿ, ಒಂದೇ ಶಾಖೆಯಲ್ಲಿ ಆ ಶ್ರೇಣಿಯವರು ಹಲವರಿರಬಹುದು. 'ವೈಸ್ ಪ್ರೆಸಿಡೆಂಟ್' ಎಂಬುದೂ ಕೆಲವು ಬ್ಯಾಂಕುಗಳಲ್ಲಿ ಶ್ರೇಣಿಯೇ. ಅದನ್ನು 'ಉಪಾಧ್ಯಕ್ಷರು' ಎಂದು ಅನುವಾದಿಸಿದರೆ ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರ ಪಕ್ಕದಲ್ಲಿ ಕೂರುವವರ ಚಿತ್ರ ಮೂಡುತ್ತದೆ. ಆದ್ದರಿಂದ ಶ್ರೇಣಿಯ ಹೆಸರನ್ನು ಸಂಸ್ಥೆ ಕೊಟ್ಟಂತೆಯೇ ಇಟ್ಟು, ಮಾಡುವ ಕೆಲಸವನ್ನು ಅದರ ಪಕ್ಕದಲ್ಲಿ ಸರಳ ಕನ್ನಡದಲ್ಲಿ ಹೇಳುವುದು ಲೇಸು.

ಮೂರನೆಯದು ಹೊಣೆಯ ವ್ಯಾಪ್ತಿ. ವಿಲೀನದಿಂದ ಸಂಸ್ಥೆ ದೊಡ್ಡದಾದಾಗ ವ್ಯಕ್ತಿಯ ಹೊಣೆಯೂ ದೊಡ್ಡದಾಯಿತೆಂದು ಭಾವಿಸುವುದು ಸುಲಭ. ಬಹಳ ಸಲ ಆಗುವುದು ಇದರ ವಿರುದ್ಧ. ನಮ್ಮ ಕಲ್ಪಿತ ಅಧಿಕಾರಿಯ ಶಾಖೆಯಲ್ಲಿ ಸಾಲ ಮಂಜೂರಾತಿ ಬೇರೆ ವಿಭಾಗಕ್ಕೆ ಹೋಗಿದೆ. ಅವರ ಪಾಲಿಗೆ ಠೇವಣಿ ಖಾತೆಗಳು ಮತ್ತು ಗ್ರಾಹಕ ಸೇವೆ ಮಾತ್ರ ಉಳಿದಿವೆ. 'ದೇಶವ್ಯಾಪಿ' ಎಂಬುದು ಬ್ಯಾಂಕಿನ ವಿಶೇಷಣ, ಅವರದಲ್ಲ. ಹಾಗೆಂದು ಕುಗ್ಗಿದ ಹೊಣೆಯನ್ನು ಮುಚ್ಚಿಡಬೇಕಿಲ್ಲ. ಹಿಂದೆ ಮಾಡಿದ್ದನ್ನು ಭೂತಕಾಲದಲ್ಲಿ, ಈಗ ಮಾಡುತ್ತಿರುವುದನ್ನು ವರ್ತಮಾನದಲ್ಲಿ ಹೇಳಿದರೆ ಎರಡಕ್ಕೂ ಅದರದರ ಗೌರವ ಸಲ್ಲುತ್ತದೆ.

ಇವೆಲ್ಲವನ್ನು ಕೂಡಿಸಿದರೆ ಪರಿಚಯ ಹೀಗಾಗುತ್ತದೆ: "1984ರಲ್ಲಿ ಗುಮಾಸ್ತರಾಗಿ ಸಾಂಗ್ಲಿ ಬ್ಯಾಂಕನ್ನು ಸೇರಿ, 2003ರಿಂದ ಅದರ ಮಿರಜ ಶಾಖೆಯ ಮುಖ್ಯಸ್ಥರಾಗಿ ಠೇವಣಿ, ಸಾಲ, ಸಿಬ್ಬಂದಿ ಮೂರನ್ನೂ ನೋಡಿಕೊಂಡರು. ಆ ಬ್ಯಾಂಕು 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಅಲ್ಲಿ ಮ್ಯಾನೇಜರ್ ಶ್ರೇಣಿಯಲ್ಲಿದ್ದು, ಠೇವಣಿ ಖಾತೆ ಮತ್ತು ಗ್ರಾಹಕ ಸೇವೆಯ ಹೊಣೆ ಹೊತ್ತಿದ್ದಾರೆ (2008)." ಕೊನೆಯ ಇಸವಿಯನ್ನು ಬಿಡಬಾರದು. ಸ್ಮರಣಸಂಚಿಕೆ ಇಪ್ಪತ್ತು ವರ್ಷ ಕಪಾಟಿನಲ್ಲಿರುತ್ತದೆ, 'ಈಗ' ಎಂಬ ಪದ ಅಷ್ಟು ಕಾಲ ಬಾಳುವುದಿಲ್ಲ.

ಇಲ್ಲದ ಬ್ಯಾಂಕಿನ ಹೆಸರು ಇಂದಿನ ಓದುಗನಿಗೇಕೆ, ಒಂದೇ ಹೆಸರಿದ್ದರೆ ವಾಕ್ಯ ಚಿಕ್ಕದಾಗುವುದಲ್ಲವೇ ಎಂಬ ಆಕ್ಷೇಪವಿದೆ. ವೇದಿಕೆಯ ಮೇಲೆ ಅರ್ಧ ನಿಮಿಷದಲ್ಲಿ ಓದುವ ಪರಿಚಯಕ್ಕೆ ಈ ವಾದ ಒಪ್ಪತಕ್ಕದ್ದೇ. ಅಲ್ಲಿ ಇಂದಿನ ಸಂಸ್ಥೆ, ಇಂದಿನ ಕೆಲಸ ಸಾಕು, ಆದರೆ ಅದಕ್ಕೆ 1984ನ್ನು ಅಂಟಿಸಬಾರದು. ಅಚ್ಚಾಗುವ ಪರಿಚಯದ ಮಾತು ಬೇರೆ. ಒಂದು ಊರಿನ ಹೆಸರು ಹೊತ್ತು ತೊಂಬತ್ತು ವರ್ಷ ನಡೆದ ಬ್ಯಾಂಕಿನ ನಾಮಫಲಕಗಳು ಇಳಿದಿವೆ. ಅಲ್ಲಿ ದುಡಿದವರ ಪರಿಚಯಗಳಿಂದಲೂ ಆ ಹೆಸರನ್ನು ಅಳಿಸಿದರೆ, ಮುಂದೆ ಮಿರಜಿನ ವ್ಯಾಪಾರದ ಚರಿತ್ರೆ ಬರೆಯುವವನಿಗೆ ಆ ಶಾಖೆ ಯಾರದಾಗಿತ್ತೆಂದು ತಿಳಿಯುವ ಒಂದು ದಾರಿ ಮುಚ್ಚುತ್ತದೆ. ಅದನ್ನು ತೆರೆದಿಡಲು ಬೇಕಾದದ್ದು ಆರೇಳು ಪದಗಳು ಮಾತ್ರ.